ಶೇ. 4ರ ಆಚೆಗೂ ನೋಡಿ: ಶೈಕ್ಷಣಿಕ ಪ್ರಾಮಾಣಿಕತೆ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ನಿಮ್ಮ ಮುಂದೆ ಒಂದು ಡೆಸರ್ಟೇಶನ್ ಬರುತ್ತದೆ. ರಾತ್ರಿ ಪಾಳಿ ಮಾಡುವ 28 ಜನ ದಾದಿಯರ ನಿದ್ರೆಯ ಗುಣಮಟ್ಟದ ಬಗ್ಗೆ ಸಮೀಕ್ಷೆ, ಸುಮಾರು 12,000 ಪದ. ಅದರೊಂದಿಗೆ ಎರಡು ವರದಿ ಲಗತ್ತಾಗಿವೆ. ಹೋಲಿಕೆ ಶೇ. 4 ಎಂದು ಒಂದು ಹೇಳುತ್ತದೆ, ಯಂತ್ರ ಬರೆದ ಬರಹದ ಸಾಧ್ಯತೆ ಶೇ. 0 ಎಂದು ಇನ್ನೊಂದು. ಎರಡೂ ನಿಗದಿತ ಮಿತಿಗಿಂತ ಕಡಿಮೆ ಇರುವುದರಿಂದ ಫೈಲು ಸಹಿಯಾಗಿ ಮುಂದೆ ಹೋಗುತ್ತದೆ. ಈ ಡೆಸರ್ಟೇಶನ್ ಹಣ ಕೊಟ್ಟು ಬರೆಸಿದ್ದು ಎಂದು ಒಂದು ಕ್ಷಣ ಭಾವಿಸಿ. ಇದು ನಾವು ಉದಾಹರಣೆಗಾಗಿ ಕಟ್ಟಿಕೊಂಡ ಪ್ರಕರಣ, ಯಾವ ವ್ಯಕ್ತಿಯದೂ ಅಲ್ಲ. ಆದರೆ ಇದರ ಒಂದೊಂದು ಭಾಗವೂ ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುವಂಥದ್ದು.

ನಾವು ಪ್ರಬಂಧಗಳ ಮೌಲ್ಯಮಾಪನ, ವೈವಾ ಮತ್ತು ಗ್ರಂಥಾಲಯ ಸೇವೆಯಲ್ಲಿ ತೊಡಗಿರುವವರು. ನಮ್ಮ ಅಹವಾಲು ಒಂದೇ: ಆ ಎರಡು ಅಂಕಿಗಳನ್ನು ನೋಡಿ ‘ಇದು ವಿದ್ಯಾರ್ಥಿಯದೇ ಕೆಲಸ’ ಎಂಬ ತೀರ್ಮಾನಕ್ಕೆ ಬರಬೇಡಿ. ಈ ಪತ್ರವನ್ನು ಓದುವ ವಿದ್ಯಾರ್ಥಿಗಳಿಗೂ ನಾವು ಹೇಳುವುದು ಇದನ್ನೇ. ಮಾರಾಟಗಾರ ಕೊಟ್ಟ ‘ಶೇ. 0 ಗ್ಯಾರಂಟಿ’ ನಿಮ್ಮನ್ನು ಯಾವುದರಿಂದಲೂ ಕಾಪಾಡುವುದಿಲ್ಲ.

ಮೊದಲು ಆ ಶೇ. 4 ಎಲ್ಲಿಂದ ಬಂತು ಎಂದು ನೋಡೋಣ. ಹೋಲಿಕೆ ಪರೀಕ್ಷಿಸುವ ತಂತ್ರಾಂಶ ಸಲ್ಲಿಕೆಯನ್ನು ಪದಗಳ ಸಣ್ಣ ಸಣ್ಣ ಸರಣಿಗಳಾಗಿ ಒಡೆದು, ಅಂತರ್ಜಾಲದ ಪುಟಗಳು, ಪ್ರಕಟವಾದ ಲೇಖನಗಳು ಮತ್ತು ಈ ಹಿಂದೆ ಸಲ್ಲಿಕೆಯಾದ ವಿದ್ಯಾರ್ಥಿ ಬರಹಗಳ ಭಂಡಾರದ ಜೊತೆ ತಾಳೆ ನೋಡುತ್ತದೆ. ಹೊಂದಿಕೆಯಾದದ್ದನ್ನು ಶೇಕಡಾವಾರಿನಲ್ಲಿ ತೋರಿಸುತ್ತದೆ. ಅದು ಉತ್ತರಿಸುವ ಪ್ರಶ್ನೆ ‘ಈ ವಾಕ್ಯಗಳು ಬೇರೆ ಕಡೆ ಇವೆಯೇ’ ಎಂಬುದಷ್ಟೇ. ‘ಇದನ್ನು ಬರೆದವರು ಯಾರು’ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಬಾಡಿಗೆ ಬರಹಗಾರ ಹೊಸದಾಗಿ ಕೂತು ಬರೆದ ಪಠ್ಯಕ್ಕೆ ಹೋಲಿಕೆ ಕಡಿಮೆ ಬರುವುದು ಸಹಜ. ಆ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಥಾಮಸ್ ಲ್ಯಾಂಕಾಸ್ಟರ್ ಮತ್ತು ರಾಬರ್ಟ್ ಕ್ಲಾರ್ಕ್ 2006ರಲ್ಲಿ ಇದಕ್ಕೆ ‘ಕಾಂಟ್ರ್ಯಾಕ್ಟ್ ಚೀಟಿಂಗ್’ ಎಂಬ ಹೆಸರಿಟ್ಟು, ಕೃತಿಚೌರ್ಯದಿಂದ ಬೇರ್ಪಡಿಸಿ ತೋರಿಸಿದ್ದರು. ಅವರು ಗಮನಿಸಿದ್ದು ಪ್ರೋಗ್ರಾಮಿಂಗ್ ಕೆಲಸಗಳನ್ನು ಹರಾಜಿಗಿಡುವ ಒಂದು ತಾಣವನ್ನು. ವಿದ್ಯಾರ್ಥಿಗಳು ತಮ್ಮ ಅಸೈನ್‌ಮೆಂಟುಗಳನ್ನೇ ಅಲ್ಲಿ ಹರಾಜಿಗೆ ಹಾಕುತ್ತಿದ್ದರು.

ಎಐ ಡಿಟೆಕ್ಟರ್‌ನ ಅಂಕಿಯಂತೂ ಇನ್ನೂ ಅಲುಗಾಡುವಂಥದ್ದು. ಓಪನ್‌ಎಐ ಸಂಸ್ಥೆ ತಾನೇ ರೂಪಿಸಿದ್ದ ಡಿಟೆಕ್ಟರನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆಂದು ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟಾಗ, ಸರಾಸರಿ ಶೇ. 61ರಷ್ಟನ್ನು ಅವು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದವು. ಇದರ ಪರಿಣಾಮ ಎರಡೂ ಕಡೆಗೆ ಕೆಟ್ಟದ್ದು. ಸರಳ ಇಂಗ್ಲಿಷಿನಲ್ಲಿ ತಾನೇ ಕಷ್ಟಪಟ್ಟು ಬರೆದ ಹುಡುಗಿ ವಿಚಾರಣೆ ಎದುರಿಸುತ್ತಾಳೆ. ಹಣ ತೆತ್ತು ಬರೆಸಿಕೊಂಡವನು ಸಲೀಸಾಗಿ ಪಾರಾಗುತ್ತಾನೆ.

ಆದರೆ ಪಾರಾಗುವುದು ಆ ದಿನದ ಮಟ್ಟಿಗೆ ಮಾತ್ರ. ಮಾರಾಟಗಾರರು ಡೆಸರ್ಟೇಶನ್ ಜೊತೆ ಉಚಿತವಾಗಿ ಕೊಡುವ ಹೋಲಿಕೆ ವರದಿಯನ್ನೇ ತೆಗೆದುಕೊಳ್ಳಿ. ಸಲ್ಲಿಸಿದ್ದನ್ನು ಭಂಡಾರಕ್ಕೆ ಸೇರಿಸದಂತೆ ಇಟ್ಟ ಖಾತೆಯಿಂದ ಅದನ್ನು ತೆಗೆದಿರುತ್ತಾರೆ. ಹಾಗಾಗಿ ಆ ಪಠ್ಯವನ್ನು ಅವರು ಎಷ್ಟು ಸಲ ಪರೀಕ್ಷಿಸಿದರೂ ಗುರುತು ಉಳಿಯುವುದಿಲ್ಲ. ಗುರುತು ಉಳಿಯುವುದು ವಿದ್ಯಾರ್ಥಿ ತನ್ನ ವಿಶ್ವವಿದ್ಯಾಲಯದ ಮೂಲಕ ಸಲ್ಲಿಸಿದಾಗ. ಆ ಕ್ಷಣದಿಂದ ಡೆಸರ್ಟೇಶನ್ ಭಂಡಾರದಲ್ಲಿ ಅವನ ಸಂಸ್ಥೆಯ ಹೆಸರಿನಡಿ ಇರುತ್ತದೆ. ಮಾರಾಟಗಾರನ ಹತ್ತಿರವೂ ಅದರ ಪ್ರತಿ ಇರುತ್ತದೆ. ಅದೇ ವಿಷಯಕ್ಕೆ ಇನ್ನೊಬ್ಬ ಗಿರಾಕಿ ಬಂದಾಗ ಶೀರ್ಷಿಕೆ ಬದಲಿಸಿ, ಮುನ್ನುಡಿ ತಿದ್ದಿ, ಉಳಿದ ಅಧ್ಯಾಯಗಳನ್ನು ಹಾಗೆಯೇ ಮಾರುವುದನ್ನು ತಡೆಯಲು ಮೊದಲನೆಯವನಿಗೆ ಯಾವ ದಾರಿಯೂ ಇಲ್ಲ. ಹಕ್ಕು ನನ್ನದು ಎಂದು ದೂರು ಕೊಡಲು ಹೋದರೆ ತನ್ನ ತಪ್ಪನ್ನೇ ಹೇಳಿಕೊಂಡ ಹಾಗೆ.

ಎರಡನೆಯವನು ಬೇರೆ ಊರಿನ ಸಂಸ್ಥೆಯಲ್ಲಿ ಅದನ್ನು ಸಲ್ಲಿಸಿದಾಗ ಹೋಲಿಕೆ ಒಮ್ಮೆಲೇ ಮೇಲೇರುತ್ತದೆ, ಮೂಲವಾಗಿ ‘ವಿದ್ಯಾರ್ಥಿ ಬರಹ’ ಎಂದು ಮೊದಲನೆಯ ಸಂಸ್ಥೆಯ ಹೆಸರು ಕಾಣುತ್ತದೆ. ಟರ್ನಿಟಿನ್‌ನಂಥ ವ್ಯವಸ್ಥೆಯಲ್ಲಿ ಅಲ್ಲಿನ ಅಧ್ಯಾಪಕರು ಹಳೆಯ ಬರಹವನ್ನು ನೋಡಲು ಅನುಮತಿ ಕೋರಬಹುದು. ಆ ಕೋರಿಕೆ ಮೊದಲನೆಯವನ ಗೈಡ್‌ಗೆ ಇಮೇಲ್ ಆಗಿ ತಲುಪುತ್ತದೆ. ಅಷ್ಟು ಹೊತ್ತಿಗೆ ಅವನು ಪದವಿ ಪಡೆದು ಕೆಲಸಕ್ಕೆ ಸೇರಿ ವರ್ಷಗಳೇ ಆಗಿರಬಹುದು. ಪದವಿ ಕೊಟ್ಟ ಮೇಲೂ ಅದನ್ನು ಹಿಂಪಡೆಯುವ ಅಧಿಕಾರವನ್ನು ಬಹಳಷ್ಟು ವಿಶ್ವವಿದ್ಯಾಲಯಗಳು ಇಟ್ಟುಕೊಂಡಿವೆ. ಸಲ್ಲಿಸಿದ ದಿನ ಶೇ. 4 ಇದ್ದದ್ದು ಅಂದಿನ ಭಂಡಾರಕ್ಕೆ ಸಂಬಂಧಿಸಿದ ಅಂಕಿ. ಭಂಡಾರ ಪ್ರತಿದಿನ ಬೆಳೆಯುತ್ತಲೇ ಇರುತ್ತದೆ.

ಇನ್ನು ಮಾರಾಟಗಾರನ ಹತ್ತಿರ ಉಳಿಯುವ ದಾಖಲೆಗಳು. ಆರ್ಡರ್ ಕೊಡುವಾಗ ವಿದ್ಯಾರ್ಥಿ ಏನೇನು ಒಪ್ಪಿಸುತ್ತಾನೆ ಎಂದು ಎಣಿಸಿ ನೋಡಿ. ಹೆಸರು, ಫೋನ್ ನಂಬರು, ಇಮೇಲ್, ಹಣ ಪಾವತಿಯ ವಿವರ. ವಿಶ್ವವಿದ್ಯಾಲಯದ ಹೆಸರಿರುವ ಪ್ರಶ್ನೆಪತ್ರ ಅಥವಾ ಮಾರ್ಗಸೂಚಿ. ಗೈಡ್ ಬರೆದ ಟಿಪ್ಪಣಿಗಳು. ‘ತರಗತಿಯ ನೋಟ್ಸ್ ಬೇಕು’ ಎಂದು ಬರಹಗಾರ ಕೇಳಿದರೆ ಕಲಿಕಾ ಪೋರ್ಟಲ್‌ನ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೂಡ. ವಾಟ್ಸ್‌ಆ್ಯಪ್‌ನಲ್ಲಿ ನಡೆದ ಚೌಕಾಸಿಯ ಪ್ರತಿಯೊಂದು ಸಾಲೂ ಅಲ್ಲೇ ಉಳಿದಿರುತ್ತದೆ. ಇದಕ್ಕಿಂತ ಪಕ್ಕಾ ಸಾಕ್ಷ್ಯ ಯಾವ ಸಮಿತಿಗೂ ಬೇಕಿಲ್ಲ. ಅದು ಪೂರ್ತಿ ಇರುವುದು ವಿದ್ಯಾರ್ಥಿಗೆ ಪರಿಚಯವೇ ಇಲ್ಲದ ಒಬ್ಬನ ಕೈಯಲ್ಲಿ.

ಬೆದರಿಕೆ ಶುರುವಾಗುವುದು ಇಲ್ಲಿಂದಲೇ. ಕೊನೆಯ ಕಂತಿನ ಬಗ್ಗೆ ಜಗಳವಾದಾಗ, ಕೆಲಸ ಕಳಪೆ ಎಂದು ಹಣ ವಾಪಸು ಕೇಳಿದಾಗ, ಕೆಲವೊಮ್ಮೆ ಯಾವ ಜಗಳವೂ ಇಲ್ಲದೆ ಘಟಿಕೋತ್ಸವದ ಹೊತ್ತಿಗೆ, ‘ಇಷ್ಟು ಕೊಡದಿದ್ದರೆ ನಿಮ್ಮ ಪರೀಕ್ಷಾ ವಿಭಾಗಕ್ಕೆ ಚಾಟ್ ಕಳಿಸುತ್ತೇನೆ’ ಎಂಬ ಸಂದೇಶ ಬರುತ್ತದೆ. ಕೊಟ್ಟರೂ ಅದು ಮುಗಿಯುವುದಿಲ್ಲ, ಏಕೆಂದರೆ ಬೆದರಿಸಲು ಬಳಸಿದ ದಾಖಲೆ ಕೊಟ್ಟ ಮೇಲೂ ಅವನಲ್ಲೇ ಇರುತ್ತದೆ. ಆಸ್ಟ್ರೇಲಿಯಾದ ಉನ್ನತ ಶಿಕ್ಷಣ ನಿಯಂತ್ರಕ ಸಂಸ್ಥೆ ಟೆಕ್ಸಾ ವಿದ್ಯಾರ್ಥಿಗಳಿಗೆ ಈ ಬಗ್ಗೆ ನೇರವಾಗಿ ಎಚ್ಚರಿಕೆ ಕೊಡುತ್ತ ಬಂದಿದೆ. ಅದೇ ದೇಶದಲ್ಲಿ 2014ರಲ್ಲಿ ಬಯಲಾದ ಮೈಮಾಸ್ಟರ್ ಪ್ರಕರಣವನ್ನೂ ನೆನಪಿಸಿಕೊಳ್ಳಿ. 16 ವಿಶ್ವವಿದ್ಯಾಲಯಗಳ ಸುಮಾರು 1,000 ವಿದ್ಯಾರ್ಥಿಗಳು ಆ ತಾಣದಿಂದ ಬರೆಸಿಕೊಂಡಿದ್ದರೆಂದು ಸಿಡ್ನಿಯ ಪತ್ರಿಕೆಯೊಂದು ವರದಿ ಮಾಡಿತು. ಅದನ್ನು ಹೊರತಂದದ್ದು ಹೋಲಿಕೆ ವರದಿಯಲ್ಲ, ಪತ್ರಕರ್ತರ ತನಿಖೆ.

ಪಾಸ್‌ವರ್ಡ್ ವಿಷಯಕ್ಕೆ ಇನ್ನೊಂದು ಮಾತು ಸೇರಿಸಬೇಕು. ಪೋರ್ಟಲ್‌ನ ಲಾಗ್‌ನಲ್ಲಿ ಪ್ರತಿ ಪ್ರವೇಶದ ಸಮಯ ಮತ್ತು ಐಪಿ ವಿಳಾಸ ದಾಖಲಾಗುತ್ತದೆ. ಒಬ್ಬ ವಿದ್ಯಾರ್ಥಿ ದೂರದ ಊರಿನಿಂದ ಲಾಗಿನ್ ಆದರೆ ಅದಕ್ಕೆ ಪ್ರಯಾಣವೋ ವಿಪಿಎನ್ ಬಳಕೆಯೋ ಕಾರಣವಿರಬಹುದು, ಅಷ್ಟರಿಂದ ಏನೂ ಸಾಬೀತಾಗದು. ಆದರೆ ಪರಸ್ಪರ ಗುರುತಿಲ್ಲದ ಐದಾರು ವಿದ್ಯಾರ್ಥಿಗಳ ಖಾತೆಗಳು ಒಂದೇ ಹೊರಗಿನ ವಿಳಾಸದಿಂದ, ಸಲ್ಲಿಕೆಯ ಹಿಂದಿನ ವಾರದಲ್ಲಿ ತೆರೆದಿದ್ದರೆ ಅದಕ್ಕೆ ವಿವರಣೆ ಕೊಡುವುದು ಕಷ್ಟ. ಸಮಿತಿಗಳು ಹೀಗೆ ಖಾತೆಗಳ ಗುಂಪನ್ನೇ ಒಟ್ಟಿಗೆ ನೋಡುವಂತೆ ಐಟಿ ವಿಭಾಗವನ್ನು ಕೇಳಬೇಕು. ಅದಕ್ಕೆ ಲಾಗ್‌ಗಳು ಅಷ್ಟು ದಿನ ಉಳಿದಿರಬೇಕು. ಒಂದು ಸೆಮಿಸ್ಟರ್ ಮುಗಿಯುವ ಮೊದಲೇ ಅವು ಅಳಿಸಿಹೋಗುವ ವ್ಯವಸ್ಥೆಯಿದ್ದರೆ ಈ ದಾರಿ ಮುಚ್ಚಿದ ಹಾಗೆ.

ಈಗ ನಮ್ಮ 28 ದಾದಿಯರ ಡೆಸರ್ಟೇಶನ್ ಫೈಲನ್ನೇ ತೆರೆದು ನೋಡೋಣ. ಪಿಡಿಎಫ್ ಮಾತ್ರ ತೆಗೆದುಕೊಂಡಿದ್ದರೆ ಈ ಹೆಜ್ಜೆ ಸಾಧ್ಯವಿಲ್ಲ. ಆದ್ದರಿಂದ ಮೂಲ ವರ್ಡ್ ಫೈಲನ್ನೂ ಸಲ್ಲಿಸಲು ಹೇಳಿ. `.docx` ಎನ್ನುವುದು ವಾಸ್ತವದಲ್ಲಿ ಒಂದು ಜಿಪ್ ಕಡತ, ಒಳಗೆ ಹಲವು ಸಣ್ಣ ಫೈಲುಗಳಿರುತ್ತವೆ. ಲಿನಕ್ಸ್ ಅಥವಾ ಮ್ಯಾಕ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಈ ಮೂರು ಆಜ್ಞೆ ಕೊಟ್ಟರೆ ಸಾಕು:

```
unzip -p report.docx docProps/core.xml
unzip -p report.docx docProps/app.xml
unzip -p report.docx word/settings.xml | grep -o '<w:rsid ' | wc -l
```

ಮೊದಲನೆಯದರಲ್ಲಿ `dc:creator` ಫೈಲನ್ನು ಮೊದಲು ಸೃಷ್ಟಿಸಿದ ಬಳಕೆದಾರನ ಹೆಸರು, `cp:lastModifiedBy` ಕೊನೆಗೆ ಉಳಿಸಿದವನ ಹೆಸರು, `cp:revision` ಎಷ್ಟು ಸಲ ಉಳಿಸಲಾಗಿದೆ ಎಂಬ ಲೆಕ್ಕ. ಎರಡನೆಯದರಲ್ಲಿ `TotalTime` ಎಂದರೆ ಆ ಫೈಲಿನ ಮೇಲೆ ಸಂಪಾದನೆಗೆ ಹೋದ ಸಮಯ, ನಿಮಿಷಗಳಲ್ಲಿ. ಮೂರನೆಯ ಸಾಲು ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ. ವರ್ಡ್‌ನಲ್ಲಿ ಫೈಲು ತೆರೆದು, ತಿದ್ದಿ, ಉಳಿಸುವ ಪ್ರತಿ ಸರದಿಗೂ ಒಂದೊಂದು ಯಾದೃಚ್ಛಿಕ ಗುರುತುಸಂಖ್ಯೆ ಸಿಗುತ್ತದೆ. ಆ ಸರದಿಯಲ್ಲಿ ಸೇರಿಸಿದ ಪಠ್ಯಕ್ಕೆ ಅದು ಅಂಟಿಕೊಳ್ಳುತ್ತದೆ. ನಾಲ್ಕೈದು ತಿಂಗಳು ಕೂತು ಬರೆದ 12,000 ಪದಗಳ ಫೈಲಿನಲ್ಲಿ ಇಂಥ ಗುರುತುಗಳು ಹತ್ತಾರು, ಕೆಲವೊಮ್ಮೆ ನೂರರ ಹತ್ತಿರ ಇರುವುದು ಸಹಜ. ಅವು ಪ್ಯಾರಾಗಳ ನಡುವೆ ಚೆಲ್ಲಾಪಿಲ್ಲಿಯಾಗಿ ಹರಡಿಕೊಂಡಿರುತ್ತವೆ, ಏಕೆಂದರೆ ಮನುಷ್ಯರು ಬರೆಯುವುದೇ ಹಾಗೆ: ಮೂರನೇ ಅಧ್ಯಾಯ ಬರೆಯುತ್ತ ಒಂದನೇ ಅಧ್ಯಾಯದ ಒಂದು ಪದ ತಿದ್ದುತ್ತಾರೆ.

ನಮ್ಮ ಪ್ರಕರಣದಲ್ಲಿ `TotalTime` 11 ನಿಮಿಷ, `cp:revision` 2, ಗುರುತುಗಳು ಮೂರೇ ಇವೆ ಎಂದುಕೊಳ್ಳಿ. ಇಷ್ಟಕ್ಕೇ ತೀರ್ಪು ಕೊಡಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದು ಕೊನೆಗೆ ಇಳಿಸಿಕೊಂಡ ಫೈಲಿನಲ್ಲಿ ಈ ಇತಿಹಾಸ ಇರುವುದೇ ಇಲ್ಲ. ಬೇರೆ ಹೆಸರಿನಲ್ಲಿ ಉಳಿಸಿದರೆ ಸಮಯದ ಲೆಕ್ಕ ಹೊಸದಾಗಿ ಶುರುವಾಗಬಹುದು. ವಿಶ್ವವಿದ್ಯಾಲಯದ ನಮೂನೆಗೆ ಪಠ್ಯವನ್ನು ಅಂಟಿಸಿದವರಿಗೂ ಹೀಗೆಯೇ ಕಾಣುತ್ತದೆ. ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರೆ ಅಥವಾ ಅಣ್ಣನ ಕಂಪ್ಯೂಟರಿನಲ್ಲಿ ಬರೆದಿದ್ದರೆ `dc:creator` ಜಾಗದಲ್ಲಿ ಬೇರೆಯವರ ಹೆಸರಿರುತ್ತದೆ. ಆದ್ದರಿಂದ ಫೈಲಿನ ಈ ಲಕ್ಷಣಗಳು ಆರೋಪವಾಗಬಾರದು, ಕೇಳಬೇಕಾದ ಒಂದು ಪ್ರಶ್ನೆಯಾಗಬೇಕು: ‘ನಿಮ್ಮ ಹಿಂದಿನ ಕರಡುಗಳನ್ನು ತೋರಿಸಿ.’ ಗೂಗಲ್ ಡಾಕ್ಸ್‌ನಲ್ಲಿ ಬರೆದವರು ಅಲ್ಲಿನ ಆವೃತ್ತಿ ಇತಿಹಾಸವನ್ನು ಎರಡು ನಿಮಿಷದಲ್ಲಿ ತೆರೆದು ತೋರಿಸುತ್ತಾರೆ. ನಮೂನೆಗೆ ಅಂಟಿಸಿದವರ ಬಳಿ ಅಂಟಿಸುವ ಮೊದಲಿನ ಫೈಲು ಇರುತ್ತದೆ. ಗೈಡ್‌ಗೆ ಕಳಿಸಿದ ಇಮೇಲ್‌ಗಳಲ್ಲಿ ಅರ್ಧಂಬರ್ಧ ಅಧ್ಯಾಯಗಳು ಇರುತ್ತವೆ. ಕೊಂಡವರ ಬಳಿ ಇರುವುದು ಮುಗಿದ ಒಂದೇ ಫೈಲು. ಈಗೀಗ ಕೆಲವು ಮಾರಾಟಗಾರರು ಕರಡುಗಳನ್ನೂ ಬೇರೆ ದರಕ್ಕೆ ತಯಾರಿಸಿ ಕೊಡುತ್ತಾರೆ. ಹಾಗಾಗಿ ಕರಡು ಇದೆ ಎಂಬುದರಿಂದಲೇ ವಿಷಯ ಮುಗಿಯುವುದಿಲ್ಲ.

ನಮ್ಮನ್ನು ಅತಿ ಹೆಚ್ಚು ಕಳವಳಕ್ಕೀಡುಮಾಡುವುದು ಮುಂದಿನ ಭಾಗ. 28 ದಾದಿಯರನ್ನು ಬಾಡಿಗೆ ಬರಹಗಾರ ಎಲ್ಲಿಂದ ತಂದ? ಅವನು ಯಾವ ಆಸ್ಪತ್ರೆಗೂ ಹೋಗಿಲ್ಲ, ಯಾರ ಕೈಯಲ್ಲೂ ಪ್ರಶ್ನಾವಳಿ ತುಂಬಿಸಿಲ್ಲ. ವಿದ್ಯಾರ್ಥಿ ದತ್ತಾಂಶ ಒದಗಿಸದಿದ್ದರೆ ಅವನು ಕೋಷ್ಟಕಗಳನ್ನು ಕಲ್ಪಿಸಿ ಬರೆಯುತ್ತಾನೆ. ಆಗ ಅಪರಾಧದ ಸ್ವರೂಪವೇ ಬದಲಾಗುತ್ತದೆ. ಬರೆಸಿಕೊಂಡದ್ದು ಒಂದು ತಪ್ಪು, ಇಲ್ಲದ ಜನರ ಉತ್ತರಗಳನ್ನು ಸಂಶೋಧನೆಯೆಂದು ಮಂಡಿಸುವುದು ಅದಕ್ಕಿಂತ ದೊಡ್ಡ ತಪ್ಪು. ತನ್ನ ಡೆಸರ್ಟೇಶನ್‌ನಲ್ಲಿ ಅಂಥದ್ದಿದೆ ಎಂಬುದು ಕೊಂಡವನಿಗೆ ಗೊತ್ತೇ ಇಲ್ಲದಿರಬಹುದು. ಸಹಿ ಮಾತ್ರ ಅವನದೇ.

ಕಲ್ಪಿಸಿದ ಅಂಕಿಗಳನ್ನು ಹಿಡಿಯಲು ಒಂದು ಸರಳ ಲೆಕ್ಕವಿದೆ. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ರೂಪಿಸಿದ ಇದನ್ನು ಗ್ರಿಮ್ ಪರೀಕ್ಷೆ ಎನ್ನುತ್ತಾರೆ. ಒಂದು ಪ್ರಶ್ನೆಗೆ ಪ್ರತಿಯೊಬ್ಬರೂ 1ರಿಂದ 5ರೊಳಗಿನ ಪೂರ್ಣಾಂಕವನ್ನೇ ಕೊಡುತ್ತಾರೆ. ಹಾಗಾಗಿ 28 ಜನರ ಒಟ್ಟು ಮೊತ್ತವೂ ಪೂರ್ಣಾಂಕವೇ ಆಗಿರಬೇಕು, ಸರಾಸರಿ ಎಂದರೆ ಆ ಪೂರ್ಣಾಂಕವನ್ನು 28ರಿಂದ ಭಾಗಿಸಿದ್ದು. ಕೋಷ್ಟಕದಲ್ಲಿ ‘ಪಾಳಿ ಮುಗಿದ ಮೇಲೆ ನಿದ್ರೆ ಬರುವುದು ಕಷ್ಟ’ ಎಂಬ ಪ್ರಶ್ನೆಗೆ ಸರಾಸರಿ 3.47 ಎಂದಿದೆ ಎನ್ನಿ. 3.47ನ್ನು 28ರಿಂದ ಗುಣಿಸಿದರೆ 97.16. ಹತ್ತಿರದ ಪೂರ್ಣಾಂಕ 97. ಅದನ್ನು 28ರಿಂದ ಭಾಗಿಸಿದರೆ 3.464, ಎರಡು ದಶಮಾಂಶಕ್ಕೆ 3.46. ಮುಂದಿನದು 98, ಭಾಗಿಸಿದರೆ ಸರಿಯಾಗಿ 3.50. ಅಂದರೆ 28 ಜನ ಉತ್ತರಿಸಿದ ಇಂಥ ಒಂದು ಪ್ರಶ್ನೆಗೆ 3.47 ಎಂಬ ಸರಾಸರಿ ಬರಲಾರದು. ಅದೇ ಕೋಷ್ಟಕದ ಇನ್ನೊಂದು ಸಾಲಿನಲ್ಲಿ 4.11 ಇದ್ದರೆ ಅದು ಸಾಧ್ಯ, ಏಕೆಂದರೆ 115ನ್ನು 28ರಿಂದ ಭಾಗಿಸಿದರೆ 4.107.

ಇಲ್ಲಿಯೂ ಅವಸರ ಬೇಡ. ಒಬ್ಬಿಬ್ಬರು ಆ ಪ್ರಶ್ನೆಯನ್ನು ಬಿಟ್ಟಿದ್ದರೆ ಭಾಜಕ 27 ಅಥವಾ 26 ಆಗುತ್ತದೆ, ಅದನ್ನೂ ಲೆಕ್ಕ ಹಾಕಿ ನೋಡಬೇಕು. ನಮ್ಮ 3.47 ಆ ಎರಡಕ್ಕೂ ಹೊಂದುವುದಿಲ್ಲ. ಐದು ಪ್ರಶ್ನೆಗಳ ಉತ್ತರವನ್ನು ಕೂಡಿಸಿ ತೆಗೆದ ಸರಾಸರಿಯಾಗಿದ್ದರೆ ಭಾಜಕ 140, ಆಗ 486ನ್ನು 140ರಿಂದ ಭಾಗಿಸಿದರೆ 3.47 ಬಂದೇ ಬರುತ್ತದೆ. ಟೈಪ್ ಮಾಡುವಾಗಿನ ತಪ್ಪೂ ಇರಬಹುದು. ಉತ್ತರಿಸಿದವರ ಸಂಖ್ಯೆ ನೂರನ್ನು ದಾಟಿದರೆ ಎರಡು ದಶಮಾಂಶದ ಸರಾಸರಿಗೆ ಈ ಪರೀಕ್ಷೆ ಉಪಯೋಗವಿಲ್ಲ. ಆದರೆ ಒಂದು ಕೋಷ್ಟಕದ ಹತ್ತು ಸರಾಸರಿಗಳಲ್ಲಿ ಆರೇಳು ಅಸಾಧ್ಯವಾಗಿದ್ದರೆ ಮುಂದಿನ ಬೇಡಿಕೆ ಸ್ಪಷ್ಟ: 28 ಸಾಲುಗಳ ಮೂಲ ದತ್ತಾಂಶದ ಹಾಳೆ, ತುಂಬಿದ ಪ್ರಶ್ನಾವಳಿಗಳು, ಭಾಗವಹಿಸಿದವರು ಸಹಿ ಮಾಡಿದ ಒಪ್ಪಿಗೆ ಪತ್ರಗಳು, ನೈತಿಕ ಸಮಿತಿಯ ಅನುಮತಿ. ಸಮೀಕ್ಷೆ ನಿಜವಾಗಿ ನಡೆಸಿದವರ ಬಳಿ ಇವು ಒಂದು ರಟ್ಟಿನ ಪೆಟ್ಟಿಗೆಯಲ್ಲೋ ಫೋಲ್ಡರಿನಲ್ಲೋ ಇದ್ದೇ ಇರುತ್ತವೆ.

ಉಲ್ಲೇಖಗಳ ಪಟ್ಟಿಯನ್ನು ಪೂರ್ತಿ ಪರಿಶೀಲಿಸಲು ಯಾರಿಗೂ ಪುರುಸೊತ್ತಿಲ್ಲ, ಅಗತ್ಯವೂ ಇಲ್ಲ. ವಾದಕ್ಕೆ ಆಧಾರವಾಗಿರುವ ನಾಲ್ಕೈದನ್ನು ಆರಿಸಿಕೊಳ್ಳಿ. ಲೇಖನದ ಕಾಯಂ ಗುರುತುಸಂಖ್ಯೆಯಾದ ಡಿಒಐ ಹಾಕಿದರೆ ಅದೇ ಲೇಖನ ತೆರೆಯುತ್ತದೆಯೇ? ಡೆಸರ್ಟೇಶನ್‌ನಲ್ಲಿ ಹೇಳಿದ ಮಾತು ಆ ಲೇಖನದಲ್ಲಿದೆಯೇ, ಇಲ್ಲವೇ ಸಾರಾಂಶದಿಂದ ಊಹಿಸಿದ್ದೇ? ಗಡುವಿನ ಒತ್ತಡದಲ್ಲಿ ಬರೆಯುವ ಬಾಡಿಗೆಯವನು ಇಡೀ ಲೇಖನ ಓದುವುದಿಲ್ಲ. ಹಾಗಾಗಿ ಉಲ್ಲೇಖಗಳು ಸಾರಾಂಶದ ಮಟ್ಟದಲ್ಲೇ ನಿಲ್ಲುತ್ತವೆ. ಇನ್ನೊಂದು ಲಕ್ಷಣ, ಗೈಡ್ ತರಗತಿಯಲ್ಲಿ ಕಡ್ಡಾಯವಾಗಿ ಓದಿಸಿದ ಪಠ್ಯ ಎಲ್ಲೂ ಕಾಣದಿರುವುದು. ಹೋಲಿಕೆ ತಪ್ಪಿಸಲೆಂದು ಪದಗಳನ್ನು ಯಾಂತ್ರಿಕವಾಗಿ ಬದಲಿಸಿದ್ದರೆ ಪಾರಿಭಾಷಿಕ ಪದಗಳೇ ಕೆಟ್ಟಿರುತ್ತವೆ. ಶುಶ್ರೂಷೆ ಓದಿದ ಯಾರೂ ಬಳಸದ ಪದ ಪುಟಕ್ಕೊಂದು ಸಿಕ್ಕರೆ, ಅದು ಯಾವ ಶೇಕಡಾವಾರಿಗಿಂತಲೂ ಹೆಚ್ಚು ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಭರವಸೆಯ ಹೆಜ್ಜೆ, ಎದುರು ಕೂರಿಸಿ ಮಾತಾಡುವುದು. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಡೆಸರ್ಟೇಶನ್ ಪ್ರತಿ ವಿದ್ಯಾರ್ಥಿಯ ಕೈಯಲ್ಲಿರಲಿ, ಏಕೆಂದರೆ ನಾವು ಅಳೆಯಬೇಕಿರುವುದು ನೆನಪಿನ ಶಕ್ತಿಯನ್ನಲ್ಲ. ‘ಪುಟ 31ರಲ್ಲಿ ಏನಿದೆ’ ಎಂಬ ಪ್ರಶ್ನೆಗೆ ಪ್ರಾಮಾಣಿಕರೂ ತಡವರಿಸುತ್ತಾರೆ. ತೆಗೆದುಕೊಂಡ ನಿರ್ಧಾರಗಳ ಬಗ್ಗೆ ಕೇಳಿ. 28 ಜನರನ್ನು ಹೇಗೆ ಆರಿಸಿದಿರಿ? ಎಷ್ಟು ಜನ ಒಲ್ಲೆ ಎಂದರು, ಅವರು ಕೊಟ್ಟ ಕಾರಣವೇನು? ಯಾವ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ? ಈ ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನೇ ಏಕೆ ಆರಿಸಿಕೊಂಡಿರಿ? ಬರೆದು ಆಮೇಲೆ ಕಿತ್ತುಹಾಕಿದ್ದು ಏನಾದರೂ ಇದೆಯೇ? ಈ ಕೊನೆಯ ಪ್ರಶ್ನೆಗೆ ನಾವು ಬಹಳ ಬೆಲೆ ಕೊಡುತ್ತೇವೆ. ತಾನೇ ಬರೆದವರಿಗೆ ಬಿಟ್ಟುಬಿಟ್ಟದ್ದು ಚೆನ್ನಾಗಿ ನೆನಪಿರುತ್ತದೆ, ಕೆಲವರು ಅದರ ಬಗ್ಗೆ ಇನ್ನೂ ಬೇಸರದಲ್ಲಿರುತ್ತಾರೆ. ಮುಗಿದ ಫೈಲನ್ನು ಓದಿಕೊಂಡು ಬಂದವರಿಗೆ ಫೈಲಿನಲ್ಲಿ ಇಲ್ಲದಿರುವುದರ ಬಗ್ಗೆ ಹೇಳಲು ಏನೂ ಇರುವುದಿಲ್ಲ.

ವಿದ್ಯಾರ್ಥಿಗೆ ಯಾವ ಭಾಷೆಯಲ್ಲಿ ಸಲೀಸೋ ಆ ಭಾಷೆಯಲ್ಲಿ ಉತ್ತರಿಸಲು ಬಿಡಿ. ಗಾಬರಿಯಿಂದ ಮಾತು ಹೊರಡದವರಿಗೆ ಬರೆದು ಉತ್ತರಿಸುವ ಅವಕಾಶ ಕೊಡಿ. ಸಂದೇಹ ಏನೆಂದು ಮೊದಲೇ ಲಿಖಿತವಾಗಿ ತಿಳಿಸಿ, ಜೊತೆಗೊಬ್ಬರನ್ನು ಕರೆತರಲು ಒಪ್ಪಿ. ಭಾಷೆ ತಿದ್ದಿಸಿಕೊಂಡದ್ದು, ಸಂಖ್ಯಾಶಾಸ್ತ್ರಜ್ಞರ ಸಲಹೆ ಪಡೆದದ್ದು ಬರೆಸಿಕೊಂಡ ಹಾಗಲ್ಲ. ಎಷ್ಟು ನೆರವು ಒಪ್ಪಿತ ಎಂಬ ಗೆರೆಯನ್ನು ನಿಮ್ಮ ನಿಯಮಾವಳಿ ಮೊದಲೇ ಎಳೆದಿರಬೇಕು.

‘ಇಷ್ಟೆಲ್ಲ ಮೌಲ್ಯಮಾಪಕರಿಂದ ಆಗುವ ಕೆಲಸವೇ’ ಎಂಬ ಸಂದೇಹ ನಿಮಗಿರಬಹುದು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಫಿಲಿಪ್ ಡಾಸನ್ ಮತ್ತು ವೆಂಡಿ ಸದರ್ಲೆಂಡ್-ಸ್ಮಿತ್ ಇದನ್ನೇ ಪರೀಕ್ಷಿಸಿದರು. ಕೊಂಡ ಪ್ರಬಂಧಗಳನ್ನು ನಿಜವಾದವುಗಳ ಜೊತೆ ಬೆರೆಸಿ, ಕೆಲವು ಕೊಂಡವು ಇರಬಹುದೆಂದು ತಿಳಿಸಿ ಮೌಲ್ಯಮಾಪಕರ ಕೈಗೆ ಕೊಟ್ಟರು. 2018ರಲ್ಲಿ ಪ್ರಕಟವಾದ ಅವರ ಸಣ್ಣ ಅಧ್ಯಯನದಲ್ಲಿ ಮೌಲ್ಯಮಾಪಕರು ಕೊಂಡವುಗಳಲ್ಲಿ ಶೇ. 62ರಷ್ಟನ್ನು ಗುರುತಿಸಿದರು. ನಂತರದ ಅಧ್ಯಯನದಲ್ಲಿ ತರಬೇತಿಗೆ ಮೊದಲು ಶೇ. 58 ಇದ್ದ ಪ್ರಮಾಣ ತರಬೇತಿಯ ಬಳಿಕ ಶೇ. 82ಕ್ಕೆ ಏರಿತು. ಇಂಥ ಬರಹ ಇರಬಹುದು ಎಂಬ ಎಚ್ಚರ ಇದ್ದಾಗ ಬಂದ ಫಲಿತಾಂಶ ಇದು ಎಂಬುದನ್ನು ಮರೆಯಬಾರದು. ಆದರೆ ಆ ಎಚ್ಚರ ಮೂಡಿಸುವುದೇ ಸಮಿತಿಯ ಕೈಯಲ್ಲಿರುವ ಕೆಲಸ. ಒಬ್ಬ ಗೈಡ್‌ಗೆ ಮೂವತ್ತು ನಲವತ್ತು ಡೆಸರ್ಟೇಶನ್ ಹೊರಿಸಿ, ಕೊನೆಯ ವಾರ ಎಲ್ಲವನ್ನೂ ಒಟ್ಟಿಗೆ ಕೈಗಿತ್ತರೆ ಅವರು ಶೇ. 4 ನೋಡಿ ಸಹಿ ಹಾಕದೆ ಇನ್ನೇನು ಮಾಡಿಯಾರು?

ಆದ್ದರಿಂದ ನಾವು ಕೇಳುವುದು ಹೀಗಿದೆ. ಸಲ್ಲಿಕೆಯ ಮೊದಲು ಕನಿಷ್ಠ ಎರಡು ಹಂತದಲ್ಲಿ ಕರಡು ಮತ್ತು ಮೂಲ ದತ್ತಾಂಶವನ್ನು ಗೈಡ್ ನೋಡಿ ದಿನಾಂಕ ಹಾಕಲಿ. ಎಲ್ಲ ಡೆಸರ್ಟೇಶನ್‌ಗಳಿಗೂ, ಸಂದೇಹ ಇರಲಿ ಬಿಡಲಿ, ಹದಿನೈದು ನಿಮಿಷದ ವೈವಾ ಇರಲಿ. ಸಂದೇಹ ಬಂದವರನ್ನು ಮಾತ್ರ ಕರೆದರೆ ಕರೆಯುವುದೇ ಕಳಂಕವಾಗುತ್ತದೆ. ಡಿಟೆಕ್ಟರ್ ಅಂಕಿಯೊಂದನ್ನೇ ಆಧಾರವಾಗಿಟ್ಟು ಯಾರನ್ನೂ ತಪ್ಪಿತಸ್ಥರೆನ್ನಬಾರದು, ಯಾರಿಗೂ ಕ್ಲೀನ್ ಚಿಟ್ ಕೂಡ ಕೊಡಬಾರದು ಎಂದು ನಿಯಮದಲ್ಲೇ ಬರೆಯಿರಿ.

ಕೊನೆಯ ಕೋರಿಕೆ, ಈಗಾಗಲೇ ಬಲೆಗೆ ಬಿದ್ದವರ ಬಗ್ಗೆ. ನ್ಯೂಜಿಲೆಂಡ್ 2011ರಲ್ಲಿ, ಐರ್ಲೆಂಡ್ 2019ರಲ್ಲಿ, ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಮಾಡಿದ ಕಾನೂನುಗಳು ಗುರಿಯಿಟ್ಟಿರುವುದು ಬರೆದುಕೊಡುವ ಮತ್ತು ಅದರ ಜಾಹೀರಾತು ಮಾಡುವ ವ್ಯಾಪಾರಿಗಳ ಮೇಲೆ. ವಿದ್ಯಾರ್ಥಿಯ ವಿಚಾರಣೆ ವಿಶ್ವವಿದ್ಯಾಲಯಕ್ಕೇ ಬಿಟ್ಟದ್ದು. ಹೀಗಿರುವಾಗ ಬೆದರಿಕೆಗೆ ಸಿಲುಕಿದ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ತಾನಾಗಿ ಬಂದು ಹೇಳಿಕೊಂಡವರಿಗೆ ಶಿಕ್ಷೆಯ ಪ್ರಮಾಣ ಕಡಿಮೆ ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಇರಲಿ. ಆರ್ಡರ್ ಕೊಟ್ಟು ಇನ್ನೂ ಸಲ್ಲಿಸದವರಿಗೆ ಗಡುವು ವಿಸ್ತರಿಸಿ ಸ್ವಂತವಾಗಿ ಬರೆಯುವ ದಾರಿ ತೆರೆದಿರಲಿ. ಅಂಥ ವಿದ್ಯಾರ್ಥಿಗೆ ಹೇಳಬೇಕಾದ ಕ್ರಮ ಇದು: ಹಣ ಕಳಿಸಬೇಡಿ, ಸಂದೇಶಗಳನ್ನು ಅಳಿಸಬೇಡಿ, ಅವುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಪೋರ್ಟಲ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನು ಇಂದೇ ಬದಲಿಸಿ, ಬೇರೆಡೆ ತೆರೆದಿರುವ ಲಾಗಿನ್‌ಗಳನ್ನೆಲ್ಲ ಮುಚ್ಚಿ. ಕಾರ್ಡ್ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ. ಸುಲಿಗೆಯ ಬೆದರಿಕೆ ಪೊಲೀಸರಿಗೆ ದೂರು ಕೊಡಬಹುದಾದ ವಿಷಯ, ನೀವು ಬರೆಸಿಕೊಂಡಿದ್ದೀರಿ ಎಂಬ ಕಾರಣಕ್ಕೆ ಅದು ಸುಲಿಗೆ ಅಲ್ಲದೆ ಹೋಗುವುದಿಲ್ಲ. ಆಮೇಲೆ ಸಮಿತಿಯ ಬಳಿ ನೀವೇ ಹೋಗಿ, ಮಾರಾಟಗಾರನ ಇಮೇಲ್ ಅಲ್ಲಿಗೆ ತಲುಪುವ ಮುಂಚೆ.

ಹಾಗೆ ಬರುವ ವಿದ್ಯಾರ್ಥಿ ತಟ್ಟಬೇಕಾದ ಬಾಗಿಲು ಯಾವ ಕೊಠಡಿಯದು, ಅಲ್ಲಿ ಕೂರುವವರು ಯಾರು, ಯಾವ ನಂಬರಿಗೆ ಕರೆ ಮಾಡಬೇಕು ಎಂಬುದನ್ನು ಸೆಮಿಸ್ಟರ್ ಶುರುವಾಗುವಾಗಲೇ ಡೆಸರ್ಟೇಶನ್ ಮಾರ್ಗಸೂಚಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಮೌಲ್ಯಮಾಪನ, ಮಾರ್ಗದರ್ಶನ ಮತ್ತು ಗ್ರಂಥಾಲಯ ಸೇವೆಯಲ್ಲಿರುವ ಕೆಲವು ಅಧ್ಯಾಪಕರು ಮತ್ತು ಸಿಬ್ಬಂದಿ